ಅಕ್ಕಿ ಚೀಲದ ಸಂದಿನಲ್ಲಿ ಕಂಡ ಪಟ್ಟೆಹಾವು ಯಾವುದು?

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನಲ್ಲಿ, ಎಡದಂಡೆ ಕಾಲುವೆಯ ಪಕ್ಕದ ಹಳ್ಳಿ. ಹೋದ ವಾರ ರಾತ್ರಿ ಅಡುಗೆ ಮನೆಯ ಅಕ್ಕಿ ಚೀಲಗಳ ಸಂದಿನಲ್ಲಿ ಒಂದು ಹಾವು ಕಂಡಿತು. ಸುಮಾರು ಎರಡೂವರೆ ಅಡಿ ಇದ್ದೀತು. ಮಗ ಹಿಂಭಾಗ ನೋಡಿದ; ಕಪ್ಪು ಮೈ, ಬಾಲದ ತುದಿಯವರೆಗೂ ತೆಳ್ಳನೆಯ ಬಿಳಿ ಗೆರೆಗಳು ಎಂದ. ಇನ್ನೊಂದು ಬದಿಯಿಂದ ನೋಡಿದ ಪಕ್ಕದ ಮನೆಯ ಮಾವನವರು, ಗೆರೆಯೇ ಇಲ್ಲ, ಬರೀ ಕಪ್ಪು, ಕೇರೆಮರಿ ಎಂದರು. ಮತ್ತೊಬ್ಬರು, ಗೋಡೆಯ ಮೇಲೆ ಹಲ್ಲಿ ಹಿಡಿಯುವ ಹಾವು ಇದು, ವಿಷವಿಲ್ಲ ಎಂದರು. ಹಾವು ಹಿಡಿಯುವವರು ಬರಲು ಒಂದು ಗಂಟೆಯ ಮೇಲಾಯಿತು. ನಾವೆಲ್ಲ ಬಾಗಿಲು ಹಾಕಿ ಹೊರಗೆ ನಿಂತಿದ್ದೆವು. ಅವರು ಬಂದು ಹುಡುಕಿದಾಗ ಹಾವು ಸಿಗಲಿಲ್ಲ. ಅದು ಯಾವ ಹಾವು? ಅಲ್ಲಿಯವರೆಗೆ ನಾವು ಏನು ಮಾಡಬೇಕಿತ್ತು? ನಾವು ಚಾಪೆ ಹಾಸಿ ನೆಲದ ಮೇಲೆ ಮಲಗುವವರು. ಈಗ ಆ ಮನೆಯಲ್ಲಿ ಮಲಗಬಹುದೇ?

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಮಲಗಬಹುದು, ಆದರೆ ಇಂದಿನಿಂದಲೇ ನೆಲದ ಮೇಲೆ ಬೇಡ. ಮಂಚದ ಮೇಲೆ ಮಲಗಿ, ಸೊಳ್ಳೆಪರದೆ ಕಟ್ಟಿ, ಪರದೆಯ ಅಂಚನ್ನು ಸುತ್ತಲೂ ಹಾಸಿಗೆಯ ಕೆಳಗೆ ಸಿಕ್ಕಿಸಿಕೊಳ್ಳಿ. ಮಂಚ ಒಂದೇ ಇದ್ದರೆ ಅದನ್ನು ಮಕ್ಕಳಿಗೆ ಕೊಟ್ಟು, ಉಳಿದವರು ನೆಲದ ಮೇಲೆಯೇ ಪರದೆ ಕಟ್ಟಿ ಅಂಚನ್ನು ಚಾಪೆಯ ಕೆಳಗೆ ಬಿಗಿಯಾಗಿ ಮಡಚಿ ಮಲಗಿ. ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನೀವು ವಿವರಿಸಿದ ಹಾವು ಕಟ್ಟುಹಾವು. ಕೆಲವರು ಅದನ್ನು ಕಡಂಬಳ ಎಂದೂ ಕರೆಯುತ್ತಾರೆ. ಭಾರತದಲ್ಲಿ ಅತಿ ಹೆಚ್ಚು ಜೀವ ತೆಗೆಯುವ ನಾಲ್ಕು ಹಾವುಗಳಲ್ಲಿ ಇದೂ ಒಂದು. ಆ ನಾಲ್ಕರಲ್ಲಿ, ಮಲಗಿದ್ದವರನ್ನು ಮನೆಯೊಳಗೇ ಕಚ್ಚುವುದರಲ್ಲಿ ಇದೇ ಮುಂದು.

ನಿಮ್ಮ ಮಗ ಮತ್ತು ಮಾವನವರು ಇಬ್ಬರೂ ಕಂಡದ್ದನ್ನೇ ಹೇಳಿದ್ದಾರೆ. ಕಟ್ಟುಹಾವಿನ ಮೈಮೇಲಿನ ಬಿಳಿ ಗೆರೆಗಳು ತಲೆಯಿಂದಲೇ ಶುರುವಾಗುವುದಿಲ್ಲ. ಬೆಳೆದ ಹಾವಿನಲ್ಲಿ ಕುತ್ತಿಗೆ ಮತ್ತು ಅದರ ಹಿಂದಿನ ಸ್ವಲ್ಪ ಭಾಗ ಬರೀ ಕಪ್ಪಾಗಿ, ಎಣ್ಣೆ ಸವರಿದಂತೆ ಹೊಳೆಯುತ್ತದೆ. ಹೆಚ್ಚೆಂದರೆ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ ಇರುತ್ತದೆ. ಆಮೇಲೆ ತೆಳ್ಳನೆಯ ಬಿಳಿ ಗೆರೆಗಳು, ಬಹಳ ಸಲ ಎರಡೆರಡಾಗಿ ಜೋಡಿ ಸೇರಿ, ಆರಂಭವಾಗುತ್ತವೆ. ಬಾಲದ ಕಡೆಗೆ ಹೋದಂತೆ ಅವು ಸ್ಪಷ್ಟವಾಗುತ್ತವೆ. ಮಾವನವರಿಗೆ ಕಂಡದ್ದು ಮುಂಭಾಗ, ಮಗನಿಗೆ ಕಂಡದ್ದು ಹಿಂಭಾಗ. ಎರಡನ್ನೂ ಜೋಡಿಸಿದರೆ ಕಟ್ಟುಹಾವಿನ ಪೂರ್ತಿ ಮೈ ಆಗುತ್ತದೆ. ಕೇರೆಮರಿಯ ಮೈ ಹೀಗೆ ಮಿರಿಮಿರಿ ಕಪ್ಪಾಗಿರುವುದಿಲ್ಲ, ಬಾಲದ ತುದಿಯವರೆಗೆ ಬಿಳಿ ಗೆರೆಯೂ ಇರುವುದಿಲ್ಲ. ಕೇರೆಯ ಕಣ್ಣು ದೊಡ್ಡದು, ದೂರದಿಂದಲೂ ಕಾಣುತ್ತದೆ. ಕಟ್ಟುಹಾವಿನ ಕಣ್ಣು ಚಿಕ್ಕದು, ಪೂರ್ತಿ ಕಪ್ಪು; ಕಪ್ಪು ತಲೆಯಲ್ಲಿ ಅದು ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ.

ಮೂರನೆಯವರು ಹೇಳಿದ, ಗೋಡೆಯ ಮೇಲೆ ಹಲ್ಲಿ ಹಿಡಿಯುವ ಹಾವು ನಿಜಕ್ಕೂ ಇದೆ. ಅದು ತೋಳಹಾವು. ನಮ್ಮ ಭಾಗದ ಮನೆಗಳಲ್ಲಿ ಕಟ್ಟುಹಾವಿನೊಂದಿಗೆ ಅತಿ ಹೆಚ್ಚು ಗೊಂದಲವಾಗುವ ಹಾವು ಇದೇ. ಮನುಷ್ಯನಿಗೆ ಅಪಾಯ ಮಾಡುವ ವಿಷ ಇದರಲ್ಲಿಲ್ಲ. ಇದಕ್ಕೂ ಪಟ್ಟೆಗಳಿವೆ, ಆದರೆ ಕ್ರಮ ತಿರುಗುಮುರುಗು. ಪಟ್ಟೆಗಳು ತಲೆಯ ಹಿಂದಿನಿಂದಲೇ, ಕುತ್ತಿಗೆಯ ಹತ್ತಿರ ಅಗಲವಾಗಿ, ಬಿಳಿ ಅಥವಾ ತಿಳಿ ಹಳದಿ ಬಣ್ಣದಲ್ಲಿ ಶುರುವಾಗಿ, ಬಾಲದ ಕಡೆಗೆ ಮಸುಕಾಗಿ ಮರೆಯಾಗುತ್ತವೆ. ಸಾಮಾನ್ಯವಾಗಿ ಕಾಣುವ ತೋಳಹಾವಿನ ಮೈ ಕಂದು, ತಲೆ ಚಪ್ಪಟೆ, ಉದ್ದ ಒಂದರಿಂದ ಒಂದೂವರೆ ಅಡಿ. ಒರಟು ಗೋಡೆಯನ್ನು ಸಲೀಸಾಗಿ ಹತ್ತಿ, ಟ್ಯೂಬ್‌ಲೈಟ್‌ನ ಹಿಂದೆ, ಮಾಳಿಗೆಯ ತೊಲೆಯ ಸಂದಿನಲ್ಲಿ ಹಲ್ಲಿಗಾಗಿ ಕಾಯುತ್ತದೆ. ಕಟ್ಟುಹಾವು ಬಹುಮಟ್ಟಿಗೆ ನೆಲದ ಮೇಲೆ, ಗೋಡೆಯ ಬುಡವನ್ನೇ ಹಿಡಿದು ಹರಿಯುತ್ತದೆ.

ಹಾಗಾಗಿ ಪಟ್ಟೆ ಇರುವ ಹಾವು ಕಂಡಾಗ ಮೊದಲು ನೋಡಬೇಕಾದದ್ದು ಬಾಲ. ಬಾಲದವರೆಗೂ ಗೆರೆ ಎದ್ದು ಕಾಣುತ್ತಿದ್ದರೆ ಕಟ್ಟುಹಾವು ಎಂದೇ ತಿಳಿಯಿರಿ. ಪುಸ್ತಕಗಳಲ್ಲಿ ಇನ್ನೊಂದು ಗುರುತನ್ನೂ ಹೇಳುತ್ತಾರೆ. ಕಟ್ಟುಹಾವಿನ ಬೆನ್ನಿನ ನಟ್ಟನಡುವೆ ಉದ್ದಕ್ಕೂ ಒಂದು ಸಾಲು ಹುರುಪೆಗಳು ಅಕ್ಕಪಕ್ಕದವುಗಳಿಗಿಂತ ದೊಡ್ಡದಾಗಿ, ಆರು ಮೂಲೆಯಲ್ಲಿರುತ್ತವೆ. ಎಲ್ಲಕ್ಕಿಂತ ಖಚಿತವಾದ ಗುರುತು ಅದೇ. ಆದರೆ ಅದನ್ನು ಬರಿಗಣ್ಣಿನಿಂದ ನೋಡಬೇಕೆಂದರೆ ಹಾವಿನ ತೀರಾ ಹತ್ತಿರ ಬಗ್ಗಬೇಕು. ಮನೆಯವರು ಆ ಗುರುತನ್ನು ಹುಡುಕಲು ಹೋಗಲೇಬಾರದು. ಮೊಬೈಲ್‌ನಲ್ಲಿ ದೂರದಿಂದ ತೆಗೆದ ಫೋಟೊ ಸ್ಪಷ್ಟವಾಗಿದ್ದರೆ, ಬಲ್ಲವರು ಅದನ್ನು ಹಿಗ್ಗಿಸಿ ನೋಡಿ ಹೇಳುತ್ತಾರೆ.

ಬಾಲದ ಗುರುತಿಗೂ ಮಿತಿಯಿದೆ. ಕಟ್ಟುಹಾವಿನ ಮರಿಗಳಲ್ಲಿ ಗೆರೆಗಳು ಮುಂಭಾಗದಲ್ಲಿಯೂ ಇರುತ್ತವೆ. ಕೆಲವು ಹಾವುಗಳಲ್ಲಿ ಗೆರೆ ಅಳಿಸಿದಂತಾಗಿ ಮೈಯೆಲ್ಲ ಕಪ್ಪಾಗಿಯೇ ಕಾಣುತ್ತದೆ. ತೋಳಹಾವಿನ ಹತ್ತಿರದ ಸಂಬಂಧಿಯೊಂದರ ಮೈ ಕಂದಲ್ಲ, ಕಪ್ಪೇ. ಆದ್ದರಿಂದ ಗುರುತಿನ ಜ್ಞಾನವನ್ನು ಒಂದೇ ದಿಕ್ಕಿನಲ್ಲಿ ಬಳಸಿ. ‘ಇದು ಕಟ್ಟುಹಾವು ಇರಬಹುದು’ ಎಂದು ಎಚ್ಚರಗೊಳ್ಳಲು ಬಳಸಿ. ‘ಇದು ವಿಷವಿಲ್ಲದ್ದು, ಹಿಡಿದು ಹೊರಗೆ ಹಾಕುತ್ತೇನೆ’ ಎನ್ನಲು ಎಂದೂ ಬಳಸಬೇಡಿ. ಸ್ವಭಾವವೂ ಮೋಸ ಮಾಡುತ್ತದೆ. ನಿರ್ವಿಷಿಯಾದ ತೋಳಹಾವು ಮುಟ್ಟಿದರೆ ಸಿಟ್ಟಿನಿಂದ ಕಚ್ಚಿ ರಕ್ತ ಬರಿಸುತ್ತದೆ. ಕಟ್ಟುಹಾವು ಹಗಲಿನಲ್ಲಿ ತಲೆಯನ್ನು ಸುರುಳಿಯ ಅಡಿಗೆ ಬಚ್ಚಿಟ್ಟು, ಮಂಕಾಗಿ ಬಿದ್ದಿರುತ್ತದೆ. ಹಗಲು ಅಷ್ಟು ಸಾಧುವಾಗಿ ಕಂಡದ್ದು ರಾತ್ರಿಯಾದರೆ ಚುರುಕಾಗುತ್ತದೆ. ಕಚ್ಚಲಿಲ್ಲ ಎಂಬ ಕಾರಣಕ್ಕೆ ವಿಷವಿಲ್ಲ ಎಂದು ತೀರ್ಮಾನಿಸಿ ಅದನ್ನು ಕೈಯಲ್ಲಿ ಎತ್ತಿಕೊಂಡವರ ಕಥೆಗಳು ಆಸ್ಪತ್ರೆಯಲ್ಲಿ ಮುಗಿಯುತ್ತವೆ.

ಉಳಿದ ಮೂರು ವಿಷದ ಹಾವುಗಳ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ನಾಗರಹಾವನ್ನು ಎಲ್ಲರೂ ಬಲ್ಲರು, ಆದರೆ ಅದು ಸದಾ ಹೆಡೆ ಬಿಚ್ಚಿರುವುದಿಲ್ಲ. ಹೆಡೆ ಇಲ್ಲದ ದೊಡ್ಡ ಹಾವನ್ನೆಲ್ಲ ಕೇರೆ ಎನ್ನಬೇಡಿ. ಕೊಳಕುಮಂಡಲದ ಬೆನ್ನ ಮೇಲೆ ಮೂರು ಸಾಲು ಮೊಟ್ಟೆಯಾಕಾರದ ಕಂದು ಮಚ್ಚೆಗಳು ಕ್ರಮವಾಗಿರುತ್ತವೆ, ಬಾಲ ಕ್ರಮೇಣ ಸಣ್ಣಗಾಗುತ್ತದೆ, ಕೆಣಕಿದರೆ ಜೋರಾಗಿ ಬುಸುಗುಟ್ಟುತ್ತದೆ. ಅದರಂತೆ ಕಾಣುವ ನಿರ್ವಿಷಿ ಮಣ್ಣುಹಾವಿನ ಮಚ್ಚೆಗಳು ಅಡ್ಡಾದಿಡ್ಡಿ, ಬಾಲ ಮೊಂಡು. ಗಂಗಾವತಿ, ಕೊಪ್ಪಳ, ಸಂಡೂರು ಕಡೆಯ ಕಲ್ಲುಗುಡ್ಡಗಳ ಸುತ್ತ ಇರುವವರು ಗರಗಸಮಂಡಲವನ್ನು ನೆನಪಿನಲ್ಲಿಡಬೇಕು. ಅದು ಒಂದು ಒಂದೂವರೆ ಅಡಿಯ ಪುಟ್ಟ ಹಾವು. ಮೈಯನ್ನು ಮಡಚಿ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಸದ್ದು ಮಾಡುತ್ತದೆ. ನಿಮ್ಮ ಊರಿನಂತಹ ನೀರಾವರಿ ಗದ್ದೆಯ ಬಯಲಿನಲ್ಲಿ ಮನೆಯೊಳಗಿನ ಮುಖ್ಯ ಚಿಂತೆ ಕಟ್ಟುಹಾವೇ.

ಏಕೆ ಎಂದರೆ, ಭತ್ತದ ಕೊಯ್ಲು ಮುಗಿದಾಗ ಗದ್ದೆಯ ಇಲಿಗಳು ಚೀಲಗಳ ಜೊತೆಗೆ ಊರು ಸೇರುತ್ತವೆ. ಇನ್ನೊಂದು ಕಡೆ, ಬೇಸಿಗೆಯಲ್ಲಿ ಎರೆಭೂಮಿ ಆಳಕ್ಕೆ ಬಿರಿದು ಹಾವುಗಳಿಗೆ ನೆಲೆಯಾಗುತ್ತದೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಆ ಬಿರುಕುಗಳು ನೀರು ತುಂಬಿ ಮುಚ್ಚಿಕೊಂಡಾಗ ಅವು ಒಣ ಜಾಗ ಹುಡುಕುತ್ತವೆ. ಕಟ್ಟುಹಾವು ಇಲಿಯನ್ನಷ್ಟೇ ಅಲ್ಲ, ಹಲ್ಲಿ, ಕಪ್ಪೆ ಮತ್ತು ಬೇರೆ ಹಾವುಗಳನ್ನೂ ತಿನ್ನುತ್ತದೆ. ಚೀಲಗಳ ಅಟ್ಟಿ, ಹತ್ತಿಕಟ್ಟಿಗೆಯ ರಾಶಿ, ಮಣ್ಣುಗೋಡೆಯ ತೂತು ಅದಕ್ಕೆ ಹೇಳಿ ಮಾಡಿಸಿದ ಜಾಗ.

ಈಗ ಆ ರಾತ್ರಿಯ ವಿಷಯ. ಹಾವನ್ನು ಹೊಡೆಯಲಿಲ್ಲ, ಚೀಲದ ಸಂದಿಗೆ ಕೈ ಹಾಕಲಿಲ್ಲ, ಎಲ್ಲರೂ ಹೊರಗೆ ಬಂದಿರಿ. ಇವು ಸರಿಯಾದ ಕೆಲಸಗಳು. ತಪ್ಪಿದ್ದು ಒಂದೇ ಕಡೆ: ಹಾವಿನ ಮೇಲೆ ಯಾರ ಕಣ್ಣೂ ಇರಲಿಲ್ಲ. ಹಿಡಿಯುವವರು ಎಷ್ಟೇ ನುರಿತವರಾದರೂ, ಹಾವು ಎಲ್ಲಿದೆ ಎಂದು ತೋರಿಸುವವರಿಲ್ಲದಿದ್ದರೆ ಅವರು ಕತ್ತಲೆಯಲ್ಲಿ ಹುಡುಕಬೇಕಾಗುತ್ತದೆ. ಅದರಲ್ಲೂ ಕಟ್ಟುಹಾವು ಬೆರಳು ಗಾತ್ರದ ಸಂದಿನಲ್ಲಿ ನುಸುಳಿ, ಗೋಡೆಯ ತೂತಿನೊಳಗೆ ಸೇರಿದರೆ ಬೆಳಗಿನವರೆಗೂ ಹೊರಬರದೇ ಇರಬಹುದು.

ಮುಂದಿನ ಸಲ ಹೀಗೆ ಮಾಡಿ. ಹಾವು ಕಂಡ ಕೂಡಲೇ ದೀಪ ಹಾಕಿ, ಮಕ್ಕಳನ್ನೂ ಹಿರಿಯರನ್ನೂ ಹೊರಗೆ ಕಳುಹಿಸಿ. ದೊಡ್ಡವರೊಬ್ಬರು ಕಾಲಿಗೆ ಬೂಟು ಅಥವಾ ಗಟ್ಟಿ ಚಪ್ಪಲಿ ಹಾಕಿ, ಕೈಯಲ್ಲಿ ಬ್ಯಾಟರಿ ಹಿಡಿದು, ಹಾವಿನಿಂದ ಆರೇಳು ಅಡಿ ದೂರದಲ್ಲಿ, ಬಾಗಿಲಿನ ಕಡೆಗೆ ಸರಿದು ನಿಲ್ಲಲಿ. ಹಾವು ಹೊರಹೋಗುವ ದಾರಿಗೆ ಅಡ್ಡವಾಗಿ ಮಾತ್ರ ನಿಲ್ಲಬಾರದು. ಆ ವ್ಯಕ್ತಿಯ ಕೆಲಸ ನೋಡುವುದು ಮಾತ್ರ. ಕೋಲು ಹಿಡಿಯುವುದು ಬೇಡ, ಏಕೆಂದರೆ ಕೋಲು ಕೈಯಲ್ಲಿದ್ದರೆ ಹಾವನ್ನು ತಿವಿಯುವ ಮನಸ್ಸಾಗುತ್ತದೆ, ತಿವಿದರೆ ಅದು ಎತ್ತ ಹೋಗುತ್ತದೆ ಎಂದು ಹೇಳಲಾಗದು. ಇನ್ನೊಬ್ಬರು ಫೋನ್ ಮಾಡಲಿ. ಊರಿನ ಹತ್ತಿರದ ಹಾವು ರಕ್ಷಕರ ನಂಬರ್ ಗೊತ್ತಿಲ್ಲದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಮಾತನಾಡುವಾಗ ಬಣ್ಣ, ಅಂದಾಜು ಉದ್ದ, ಯಾವ ಕೋಣೆಯ ಯಾವ ಮೂಲೆ, ಯಾರಿಗಾದರೂ ಕಚ್ಚಿದೆಯೇ ಎಂಬ ನಾಲ್ಕು ಮಾತು ಸ್ಪಷ್ಟವಾಗಿ ಹೇಳಿದರೆ ಸಾಕು. ಬರುವವರು ಅದಕ್ಕೆ ತಕ್ಕ ಸಾಮಾನು ತರುತ್ತಾರೆ.

ಹಾವು ತಾನಾಗಿಯೇ ಹೊರಬಾಗಿಲಿನ ಕಡೆಗೆ ಹೊರಟರೆ ದಾರಿ ಬಿಡಿ, ಎಲ್ಲಿಗೆ ಹೋಯಿತು ಎಂದು ಬ್ಯಾಟರಿ ಬೆಳಕಿನಲ್ಲಿ ನೋಡುತ್ತಿರಿ. ಒಳಗಿನ ಕೋಣೆಗಳಿಗೆ ಹೋಗುವ ಬಾಗಿಲುಗಳನ್ನು ಮಾತ್ರ ಮೊದಲೇ ಮುಚ್ಚಿ, ಕೆಳಗಿನ ಸಂದಿಗೆ ಆಚೆ ಬದಿಯಿಂದ ಗೋಣಿಚೀಲ ಅಥವಾ ಹಳೆಯ ಸೀರೆಯನ್ನು ಒತ್ತೊತ್ತಾಗಿ ತುರುಕಿ. ನಿಂತು ನೋಡಲು ಯಾರಿಗೂ ಧೈರ್ಯವಿಲ್ಲದಿದ್ದರೆ ಹಾವಿರುವ ಕೋಣೆಯನ್ನೇ ಹೀಗೆ ಹೊರಗಿನಿಂದ ಬಂದ್ ಮಾಡಿ. ಬರೀ ಬಾಗಿಲು ಎಳೆದುಕೊಂಡರೆ ಸಾಲದು. ನಿಮ್ಮ ಮನೆಯಲ್ಲಿ ಹಾವು ತಪ್ಪಿಸಿಕೊಂಡದ್ದು ಆ ಸಂದಿನಿಂದಲೇ ಇರಬಹುದು.

ಸೀಮೆಎಣ್ಣೆ, ಫಿನಾಯಿಲ್, ಬೆಳ್ಳುಳ್ಳಿ ನೀರು, ಅಂಗಡಿಯಲ್ಲಿ ಮಾರುವ ಹಾವಿನ ಪುಡಿ ಇವುಗಳನ್ನು ಚೆಲ್ಲಬೇಡಿ. ಇವು ಹಾವನ್ನು ತಡೆಯುತ್ತವೆ ಎಂದು ನಂಬುವಂತಿಲ್ಲ. ಮೈಗೆ ತಗುಲಿದರೆ ಹಾವು ಗಾಬರಿಯಾಗಿ ಇದ್ದ ಜಾಗ ಬಿಟ್ಟು ಓಡುತ್ತದೆ, ಅಷ್ಟೇ. ಬುಟ್ಟಿ, ಬಕೆಟ್ ಮುಚ್ಚಲು ಹೋಗಬೇಡಿ. ಮುಚ್ಚುವ ಕೈ ಹಾವಿನ ಬಾಯಿಗೆ ಹತ್ತಿರವಾಗುತ್ತದೆ. ಯಾರಾದರೂ ಅವಸರಪಟ್ಟು ಹೊಡೆದು ಕೊಂದೇಬಿಟ್ಟರೂ ಅದನ್ನು ಕೈಯಿಂದ ಎತ್ತಬೇಡಿ. ಸತ್ತ ಹಾವಿನ, ಕತ್ತರಿಸಿ ಬಿದ್ದ ತಲೆಯ ಬಾಯಿಯೂ ಸ್ವಲ್ಪ ಹೊತ್ತು ತಾನಾಗಿ ಕಚ್ಚಬಲ್ಲದು. ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ.

ಕಟ್ಟುಹಾವಿನ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನು ಮುಂದಿದೆ. ಇದು ಕಚ್ಚಿದ್ದೇ ಎಷ್ಟೋ ಜನರಿಗೆ ತಿಳಿಯುವುದಿಲ್ಲ. ಹಲ್ಲು ಚಿಕ್ಕದು, ನೋವು ಸೊಳ್ಳೆ ಅಥವಾ ಇರುವೆ ಕಡಿದಷ್ಟೇ, ಬಾವು ಬರುವುದಿಲ್ಲ, ಗುರುತು ಹುಡುಕಿದರೂ ಸಿಗದಿರಬಹುದು. ನಿದ್ದೆಯಲ್ಲಿ ಮಗ್ಗುಲು ಬದಲಿಸಿದಾಗ ಹಾವಿನ ಮೇಲೆ ಕೈ ಬೀಳುತ್ತದೆ, ಅದು ಕಚ್ಚುತ್ತದೆ, ಮಲಗಿದವರು ಕೈ ಕೊಡವಿ ಮತ್ತೆ ನಿದ್ದೆ ಹೋಗುತ್ತಾರೆ. ನಸುಕಿನಲ್ಲಿ ಹೊಟ್ಟೆ ಹಿಂಡಿದಂತೆ ನೋವು, ವಾಂತಿ, ಗಂಟಲು ಅಥವಾ ಕೀಲು ನೋವು ಎಂದು ಏಳುತ್ತಾರೆ. ಮನೆಯವರು ರಾತ್ರಿಯ ಊಟ ಸರಿಹೋಗಲಿಲ್ಲ ಎಂದುಕೊಂಡು ಓಮದ ನೀರು ಕುಡಿಸುತ್ತಾರೆ. ಆಮೇಲೆ ರೆಪ್ಪೆಗಳು ತಾವಾಗಿ ಇಳಿಬೀಳುತ್ತವೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಮಾತು ತೊದಲುತ್ತದೆ, ಉಗುಳು ನುಂಗಲಾಗುವುದಿಲ್ಲ, ಕತ್ತು ನಿಲ್ಲುವುದಿಲ್ಲ. ಕೊನೆಗೆ ಉಸಿರಾಡಿಸುವ ಸ್ನಾಯುಗಳೇ ನಿಲ್ಲುತ್ತವೆ. ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು, ರೆಪ್ಪೆ ಎತ್ತಲಾರದೆ ಹೋದರೆ, ಹಾವನ್ನು ಯಾರೂ ನೋಡದಿದ್ದರೂ ಕಟ್ಟುಹಾವಿನ ಕಡಿತವೆಂದೇ ಭಾವಿಸಿ ಹೊರಡಿ. ವೈದ್ಯರಿಗೂ ಬಾಯಿಬಿಟ್ಟು ಹೇಳಿ: ನೆಲದ ಮೇಲೆ ಮಲಗಿದ್ದರು, ಮನೆಯಲ್ಲಿ ಇಂಥ ಹಾವು ಕಂಡಿತ್ತು ಎಂದು.

ಹೊರಡುವ ಮುನ್ನ ಮಾಡಬೇಕಾದದ್ದು ಸ್ವಲ್ಪ. ಕಚ್ಚಿಸಿಕೊಂಡವರನ್ನು ನಡೆಸಬೇಡಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ಒಂದು ಪಟ್ಟಿ ಇಟ್ಟು ಸಡಿಲವಾಗಿ ಕಟ್ಟಿ. ರಕ್ತ ನಿಲ್ಲುವಂತೆ ಬಿಗಿದು ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಬೇರು ಅರೆದು ಕುಡಿಸಬೇಡಿ. ನುಂಗಲಾರದವರಿಗೆ ಏನೇ ಕುಡಿಸಿದರೂ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ವಾಂತಿ ಅಥವಾ ಜೊಲ್ಲು ಬರುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಿಕೊಂಡೇ ಕರೆದೊಯ್ಯಿರಿ. 108ಕ್ಕೆ ಕರೆ ಮಾಡಿ. ಆಂಬ್ಯುಲೆನ್ಸ್ ತಡವಾಗುವಂತಿದ್ದರೆ ಸಿಕ್ಕ ವಾಹನದಲ್ಲಿ ಹೊರಡಿ. ಮಂತ್ರ ಹಾಕಿಸಲು ದಾರಿಯಲ್ಲಿ ನಿಲ್ಲಿಸುವ ಅರ್ಧ ಗಂಟೆಯಲ್ಲಿಯೇ ಉಸಿರು ನಿಂತುಹೋಗಬಹುದು. ಮಂತ್ರದಿಂದ ಬದುಕಿದರು ಎಂದು ಹೇಳುವವರಲ್ಲಿ ಬಹಳ ಮಂದಿಗೆ ಕಚ್ಚಿದ್ದು ತೋಳಹಾವಿನಂಥ ನಿರ್ವಿಷಿ, ಇಲ್ಲವೇ ವಿಷ ಬಿಡದೆ ಹೋದ ವಿಷದ ಹಾವು.

ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷದ ಇಂಜೆಕ್ಷನ್ ನಾನು ಹೇಳಿದ ನಾಲ್ಕೂ ಹಾವುಗಳಿಗೆ ಒಂದೇ. ಆದ್ದರಿಂದ ಹಾವನ್ನು ಹಿಡಿದು ಅಥವಾ ಕೊಂದು ತರುವ ಅಗತ್ಯವಿಲ್ಲ. ವಿಷದ ಲಕ್ಷಣ ಕಂಡರೆ ಆರಂಭದಲ್ಲಿ ಎಂಟರಿಂದ ಹತ್ತು ವಯಲ್ ಕೊಡುತ್ತಾರೆ; ಹಾವು ಬಿಟ್ಟ ವಿಷಕ್ಕೆ ತಕ್ಕ ಪ್ರಮಾಣ ಅದು, ಹಾಗಾಗಿ ಮಕ್ಕಳಿಗೂ ಅಷ್ಟೇ. ಲಕ್ಷಣ ಇಲ್ಲದಿದ್ದರೆ ಕೂಡಲೇ ಇಂಜೆಕ್ಷನ್ ಕೊಡದೆ 24 ಗಂಟೆ ಇಟ್ಟು ನೋಡುತ್ತಾರೆ. ಇದನ್ನು ನಿರ್ಲಕ್ಷ್ಯ ಎಂದು ತಿಳಿದು ಜಗಳವಾಡಿ ಮನೆಗೆ ಕರೆದುಕೊಂಡು ಬರಬೇಡಿ. ಕಟ್ಟುಹಾವಿನ ವಿಷ ಹಲವು ಗಂಟೆ ತಡವಾಗಿ ತಲೆಯೆತ್ತುತ್ತದೆ. ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಸರಿಯಾಗಿ ಬಂದರೂ ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ಆ ಪರೀಕ್ಷೆ ಮಂಡಲದ ಹಾವುಗಳ ವಿಷವನ್ನು ಹಿಡಿಯುತ್ತದೆ, ಇದನ್ನಲ್ಲ.

ಕಟ್ಟುಹಾವಿನ ವಿಷ ನರದ ತುದಿಯನ್ನೇ ಕೆಡಿಸುತ್ತದೆ. ಒಮ್ಮೆ ಕೆಟ್ಟ ತುದಿಯನ್ನು ಪ್ರತಿವಿಷ ಸರಿಪಡಿಸಲಾರದು. ಇನ್ನೂ ರಕ್ತದಲ್ಲಿರುವ ವಿಷವನ್ನು ಮಾತ್ರ ತಡೆಯುತ್ತದೆ. ಅದಕ್ಕೇ ಬೇಗ ತಲುಪಬೇಕು, ಅದಕ್ಕೇ ವೆಂಟಿಲೇಟರ್ ಇರುವ ಆಸ್ಪತ್ರೆ ಬೇಕಾಗುತ್ತದೆ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಇಂಜೆಕ್ಷನ್ ಹಾಕಿಸಿ, ಅಗತ್ಯವಿದ್ದರೆ ರಾಯಚೂರಿನ ರಿಮ್ಸ್‌ಗೆ, ಬಳ್ಳಾರಿ ಅಥವಾ ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗುವುದು ಸರಿಯಾದ ಕ್ರಮ. ದಾರಿಯಲ್ಲಿ ಉಸಿರು ಕುಂದಿದರೆ ಆಂಬ್ಯುಲೆನ್ಸ್ ಸಿಬ್ಬಂದಿ ಚೀಲ ಒತ್ತಿ ಉಸಿರು ಕೊಡುತ್ತಿರಬೇಕು. ಒಂದು ಮಾತನ್ನು ಮನೆಯವರು ಗಟ್ಟಿಯಾಗಿ ನೆನಪಿಡಬೇಕು. ಈ ವಿಷ ಏರಿದವರು ಕಣ್ಣು ಬಿಡುವುದಿಲ್ಲ, ಬೆರಳು ಆಡಿಸುವುದಿಲ್ಲ, ಕಣ್ಣಿನ ಪಾಪೆಯೂ ಬೆಳಕಿಗೆ ಕುಗ್ಗದಿರಬಹುದು. ನೋಡಿದವರು ಸತ್ತರು ಎಂದು ಅಳಲಾರಂಭಿಸುತ್ತಾರೆ. ಆದರೆ ಒಳಗೆ ಅವರಿಗೆ ಪ್ರಜ್ಞೆ ಇರಬಹುದು, ನಿಮ್ಮ ಮಾತೂ ಕೇಳಿಸುತ್ತಿರಬಹುದು. ಉಸಿರು ಕೊಡುತ್ತಿದ್ದರೆ ಕೆಲವು ದಿನಗಳಲ್ಲಿ ನರದ ತುದಿಗಳು ಮತ್ತೆ ಬೆಳೆದು ಪೂರ್ತಿ ಚೇತರಿಸಿಕೊಂಡು ಮನೆಗೆ ನಡೆದು ಬಂದವರಿದ್ದಾರೆ. ವೈದ್ಯರು ಕೈಬಿಡುವವರೆಗೆ ನೀವು ವೆಂಟಿಲೇಟರ್ ತೆಗೆಸಬೇಡಿ.

2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಸರ್ಕಾರಿ ಆಸ್ಪತ್ರೆ ಇರಲಿ, ಖಾಸಗಿ ಇರಲಿ, ದಾಖಲಿಸಲೇಬೇಕು. ನಿಮ್ಮ ಕಡೆ ಇಂಥದ್ದು ನಡೆದರೆ ಚೀಟಿಯಲ್ಲಿ ಹಾವಿನ ಕಡಿತ ಎಂದು ಬರೆಸಿಕೊಳ್ಳಿ. ಯಾವ ಊರಿಗೆ ಎಷ್ಟು ಇಂಜೆಕ್ಷನ್ ಬೇಕು ಎಂಬ ಲೆಕ್ಕ ಆ ದಾಖಲೆಯಿಂದಲೇ ಹುಟ್ಟುತ್ತದೆ.

ಪರದೆಯ ಬಗ್ಗೆ ಮೊದಲೇ ಹೇಳಿದ್ದು ಬರೀ ಸಮಾಧಾನದ ಮಾತಲ್ಲ. ನೇಪಾಳದ ತರಾಯಿ ಪ್ರದೇಶದ ಹಳ್ಳಿಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸೊಳ್ಳೆಪರದೆಯೊಳಗೆ ಮಲಗುವವರಿಗೆ ಹಾವಿನ ಕಡಿತದ ಅಪಾಯ ಗಣನೀಯವಾಗಿ ಕಡಿಮೆ ಎಂದು ತೋರಿಸಿತು. ಅಲ್ಲಿಯೂ ಭತ್ತದ ಬಯಲು, ಅಲ್ಲಿಯೂ ಕಟ್ಟುಹಾವು.

ನಿಮ್ಮ ಅಡುಗೆ ಮನೆಗೆ ಬಂದರೆ, ಬೆಳಕಿರುವಾಗ ಇಬ್ಬರು ಸೇರಿ ಚೀಲಗಳನ್ನು ಒಂದೊಂದಾಗಿ ತೆಗೆಯಿರಿ. ಚೀಲದ ಕೆಳಗೆ ಕೈ ತೂರಿಸದೆ, ಮೇಲಿನ ಕಿವಿ ಹಿಡಿದು ನಿಮ್ಮ ಕಡೆಗೆ ವಾಲಿಸಿ ಎಳೆಯಿರಿ. ಆಗ ಹಿಂದೆ ಹಾವಿದ್ದರೂ ನಿಮ್ಮ ಕಾಲಿಗೂ ಅದಕ್ಕೂ ನಡುವೆ ಚೀಲ ಇರುತ್ತದೆ. ಹಾವು ಕಂಡರೆ ಅಲ್ಲಿಗೇ ನಿಲ್ಲಿಸಿ ಮತ್ತೆ ಫೋನ್ ಮಾಡಿ. ಹಗಲಿನಲ್ಲಿ ಅದು ಬೇಗ ಜಾಗ ಬಿಡುವುದಿಲ್ಲ, ಹಿಡಿಯುವವರಿಗೂ ಸುಲಭ. ಕಾಣದಿದ್ದರೆ ಗೋಡೆಯ ಬುಡದ ತೂತುಗಳನ್ನು ಸಿಮೆಂಟು ಅಥವಾ ಗಟ್ಟಿ ಮಣ್ಣಿನಿಂದ ಮುಚ್ಚಿ. ಬಚ್ಚಲಿನ ನೀರು ಹೋಗುವ ಕಿಂಡಿಗೆ ಸಣ್ಣ ಕಣ್ಣಿನ ಜಾಲರಿ ಬಡಿಯಿರಿ, ಬಾಗಿಲಿನ ಕೆಳಗೆ ರಬ್ಬರ್ ಪಟ್ಟಿ ಹೊಡೆಸಿ. ಚೀಲಗಳನ್ನು ಮರಳಿ ಇಡುವಾಗ ಗೋಡೆಗೆ ತಾಗಿಸದೆ, ಒಂದಡಿ ಎತ್ತರದ ಕಲ್ಲುಬಂಡೆ ಅಥವಾ ಹಲಗೆಯ ಮೇಲೆ, ಕೆಳಗೂ ಹಿಂದೆಯೂ ಬ್ಯಾಟರಿ ಬೆಳಕು ಹಾಯುವಂತೆ ಜೋಡಿಸಿ. ಹತ್ತಿಕಟ್ಟಿಗೆಯ ರಾಶಿ ಮನೆಯ ಗೋಡೆಗೆ ಒರಗಿದ್ದರೆ ಅದನ್ನು ಹಿತ್ತಲಿನ ಆಚೆ ತುದಿಗೆ ಸಾಗಿಸಿ. ರಾತ್ರಿ ಯಾರೇ ಎದ್ದರೂ ಬ್ಯಾಟರಿ ಹಾಕಿ ನೆಲ ನೋಡಿಯೇ ಕಾಲು ಇಡಲಿ.